ಪ್ರಕಟವಾದ ಮೇಲೆ ಸಿಕ್ಕ ಪ್ಯಾರಾ

2011ರಲ್ಲಿ ‘ಅಡ್ವಾನ್ಸ್‌ಡ್ ಮೆಟೀರಿಯಲ್ಸ್’ ಎಂಬ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಬೆಂಗಳೂರಿನ ನಾಲ್ವರು ಬರೆದ ಒಂದು ಪ್ರಬಂಧ ಬಂತು. ಗ್ರ್ಯಾಫೀನ್ ಆಕ್ಸೈಡ್‌ನಿಂದ ಆಕ್ಸಿಜನ್ ತೆಗೆದು ಪಡೆದ ತೆಳುಪದರಕ್ಕೂ ಗ್ರ್ಯಾಫೀನಿನ ಕಿರುಪಟ್ಟಿಗಳಿಗೂ ಅವಗೆಂಪು ಬೆಳಕು ಬಿದ್ದರೆ ಅವುಗಳ ಮೂಲಕ ಹರಿಯುವ ವಿದ್ಯುತ್ತು ಬದಲಾಗುತ್ತದೆ, ಇದನ್ನು ಬೆಳಕು ಪತ್ತೆಹಚ್ಚುವ ಸಾಧನವಾಗಿ ಬಳಸಬಹುದು ಎಂಬುದು ಅದರ ವಿಷಯ. ಬರೆದವರಲ್ಲಿ ಇಬ್ಬರು ಹಿರಿಯರು: ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಬಿ. ಕೃಪಾನಿಧಿ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್. ಪ್ರಧಾನಿಯ ವೈಜ್ಞಾನಿಕ ಸಲಹಾ ಮಂಡಳಿಗೆ ಆಗ ರಾವ್ ಅವರೇ ಅಧ್ಯಕ್ಷರು. ಸ್ವಲ್ಪ ಕಾಲದಲ್ಲೇ ಅದೇ ಜರ್ನಲ್‌ನಲ್ಲಿ ಒಂದು ಚಿಕ್ಕ ಪ್ರಕಟಣೆ ಬಂತು. 2010ರಲ್ಲಿ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ನಲ್ಲಿ ಅಮೆರಿಕದ ಒಂದು ಗುಂಪು ಬರೆದ ಪ್ರಬಂಧದ ಪಠ್ಯ ನಮ್ಮ ಪ್ರಬಂಧದಲ್ಲಿ ಮರುಕಳಿಸಿದೆ, ಇದಕ್ಕಾಗಿ ಓದುಗರಲ್ಲಿ, ವಿಮರ್ಶಕರಲ್ಲಿ, ಸಂಪಾದಕರಲ್ಲಿ ಕ್ಷಮೆ ಕೋರುತ್ತೇವೆ ಎಂದು ಆ ಇಬ್ಬರು ಹಿರಿಯರ ಪರವಾಗಿ ಅದರಲ್ಲಿ ಬರೆದಿತ್ತು.

2012ರ ಫೆಬ್ರವರಿಯಲ್ಲಿ ಇದು ಪತ್ರಿಕೆಗಳ ಸುದ್ದಿಯಾಯಿತು. ನಕಲಾದದ್ದು ಕೆಲವೇ ವಾಕ್ಯ, ಅದನ್ನು ಕೃತಿಚೌರ್ಯ ಎನ್ನಲಾಗದು ಎಂದು ರಾವ್ ಹೇಳಿದರು. ಪೀಠಿಕೆಯ ಭಾಗವನ್ನು ಬರೆದದ್ದು ಸಂಶೋಧನಾ ವಿದ್ಯಾರ್ಥಿ ಎಂಬ ವಿವರ ಹೊರಬಂತು. ಬೇಕಾದರೆ ಪ್ರಬಂಧವನ್ನೇ ಹಿಂದಕ್ಕೆ ಪಡೆಯುತ್ತೇವೆ ಎಂದು ಲೇಖಕರು ಮುಂದಾಗಿದ್ದರು, ವೈಜ್ಞಾನಿಕ ಫಲಿತಾಂಶ ಸ್ವಂತದ್ದೇ ಆದ್ದರಿಂದ ಅದರ ಅಗತ್ಯವಿಲ್ಲ ಎಂದು ಜರ್ನಲ್ ತೀರ್ಮಾನಿಸಿತ್ತು ಎಂಬುದೂ ತಿಳಿಯಿತು. 2013ರ ನವೆಂಬರಿನಲ್ಲಿ ರಾವ್ ಅವರಿಗೆ ಭಾರತರತ್ನ ಘೋಷಣೆಯಾದಾಗ ಈ ಮಾತು ಮತ್ತೊಮ್ಮೆ ಎದ್ದಿತು. ಆ ಪ್ರಬಂಧ ಇಂದಿಗೂ ಜರ್ನಲ್‌ನಲ್ಲಿ ಇದೆ, ಕ್ಷಮಾಪಣೆಯೂ ಇದೆ.

ವ್ಯಕ್ತಿಗಳ ಸುತ್ತ ಆಗ ನಡೆದ ವಾದವನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ಆ ಗದ್ದಲದಲ್ಲಿ ಯಾರೂ ಸರಿಯಾಗಿ ಓದದೆ ಬಿಟ್ಟದ್ದು ಆ ಚಿಕ್ಕ ಪ್ರಕಟಣೆಯನ್ನು. ತಮ್ಮ ಪ್ರಕಟಿತ ಬರಹದಲ್ಲಿ ಬೇರೆಯವರ ಒಂದು ಪ್ಯಾರಾ ಹೆಸರಿಲ್ಲದೆ ಕೂತಿದೆ ಎಂದು ಲೇಖಕರಿಗೇ ಗೊತ್ತಾದಾಗ ಅವರು ಹೊರಡಿಸುವ ತಿದ್ದುಪಡಿಯಲ್ಲಿ ಏನೇನು ಇರಬೇಕು? ಯಾವಾಗ ತಿದ್ದುಪಡಿ ಸಾಕು, ಯಾವಾಗ ಸಾಲದು? ಗಿರಿನಗರ, ಬನಶಂಕರಿ ಮೂರನೇ ಹಂತ, ಹೊಸಕೆರೆಹಳ್ಳಿಯ ಸುತ್ತ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಕೃತಿಚೌರ್ಯದ ಬಗ್ಗೆ ಅವರಿಗೆ ಕಾರ್ಯಾಗಾರಗಳು ನಡೆಯುತ್ತವೆ. ಆ ಕಾರ್ಯಾಗಾರಗಳೆಲ್ಲ ಪೇಪರ್ ಕಳಿಸುವ ಮುಂಚಿನ ಎಚ್ಚರದ ಬಗ್ಗೆ. ಅಚ್ಚಾದ ಮೇಲೆ ಗೊತ್ತಾದರೆ ಏನು ಮಾಡಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆ.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿ ತಪ್ಪನ್ನು ಹೋಲಿಕೆಯ ಶೇಕಡಾ ಪ್ರಮಾಣದಲ್ಲಿ ಅಳೆಯುತ್ತದೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇ 10ರಿಂದ 40, 40ರಿಂದ 60, 60ಕ್ಕಿಂತ ಮೇಲೆ ಎಂದು ಮೂರು ಹಂತಗಳು. ಪ್ರಕಟಿತ ಪ್ರಬಂಧವಾದರೆ ಹಿಂಪಡೆಯುವುದು, ವಾರ್ಷಿಕ ವೇತನ ಬಡ್ತಿ ತಡೆಯುವುದು, ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗದಂತೆ ಮಾಡುವುದು ಹೀಗೆ ಹಂತಕ್ಕೆ ತಕ್ಕಂತೆ ಕ್ರಮ. ಒಟ್ಟಿಗೆ ಹದಿನಾಲ್ಕು ಪದಗಳವರೆಗಿನ ಆಕಸ್ಮಿಕ ಹೋಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದೂ ಅದರಲ್ಲಿದೆ.

ಈಗ ಲೆಕ್ಕ ಹಾಕಿ. ಸಾಮಾನ್ಯ ಪೇಪರ್ ಒಂದರಲ್ಲಿ 5,600 ಪದಗಳಿವೆ ಎನ್ನೋಣ. ಬೇರೆಯವರದೊಂದು ಪೂರ್ತಿ ಪ್ಯಾರಾ, 140 ಪದ, ಅದರಲ್ಲಿ ಸೇರಿದೆ. ಅದು ಶೇ 2.5. ನಿಯಮಾವಳಿಯ ಕಣ್ಣಿನಲ್ಲಿ ಇದು ಮೊದಲ ಹಂತವನ್ನೂ ಮುಟ್ಟುವುದಿಲ್ಲ. ಹಾಗಾದರೆ ಲೇಖಕರನ್ನು ತಿದ್ದುಪಡಿಗೆ ಒತ್ತಾಯಿಸುವ ದಂಡನೆ ಯಾವುದೂ ಇಲ್ಲ. ಒಂದು ಪ್ಯಾರಾದ ಪ್ರಶ್ನೆ ಹುಟ್ಟುವುದೇ ಈ ಜಾಗದಲ್ಲಿ. ಪ್ರಮಾಣ ಚಿಕ್ಕದು, ಓದುಗನಿಗೆ ಆದ ಮೋಸ ಮಾತ್ರ ಪೂರ್ತಿ. ಆ ಪ್ಯಾರಾ ಓದುವಾಗ ಅವನು ಇವರು ಯೋಚಿಸಿ ಬರೆದದ್ದು ಎಂದೇ ನಂಬಿರುತ್ತಾನೆ. ಹಾಗಾಗಿ ಇಲ್ಲಿ ಉಳಿಯುವುದು ಲೇಖಕರು ತಾವಾಗಿ ಬರೆಯುವ ಪ್ರಕಟಣೆ ಒಂದೇ. ಅದನ್ನು ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಜರ್ನಲ್‌ಗಳ ಸಂಪಾದಕರು ಅನುಸರಿಸುವುದು ‘ಕೋಪ್’ ಎಂಬ ಪ್ರಕಟಣಾ ನೀತಿಸಮಿತಿಯ ಮಾರ್ಗಸೂಚಿಯನ್ನು. ಅದು ಎರಡು ಸಂದರ್ಭಗಳನ್ನು ಬೇರೆ ಮಾಡುತ್ತದೆ. ದೊಡ್ಡ ಭಾಗವನ್ನೋ ಅಂಕಿಅಂಶವನ್ನೋ ಎತ್ತಿ ತಮ್ಮದೆಂದು ತೋರಿಸಿದ್ದರೆ ಹಿಂಪಡೆಯುವ ದಾರಿ. ಚಿಕ್ಕಪುಟ್ಟ ವಾಕ್ಯಗಳ ನಕಲು, ಅದರಲ್ಲೂ ಇಂಗ್ಲಿಷ್ ಮಾತೃಭಾಷೆಯಲ್ಲದವರು ಚರ್ಚೆಯ ಭಾಗದಲ್ಲಿ ಮಾಡಿದ್ದರೆ, ಲೇಖಕರಿಗೆ ತಟಸ್ಥ ಧಾಟಿಯಲ್ಲಿ ಬರೆದು, ಬಿಟ್ಟುಹೋದ ಮೂಲವನ್ನು ಸೇರಿಸುವ ತಿದ್ದುಪಡಿಯ ಬಗ್ಗೆ ಮಾತಾಡುವುದು. ಈ ಎರಡನೆಯ ದಾರಿ ಉದಾರವಾದದ್ದು, ನ್ಯಾಯವಾದದ್ದು ಕೂಡ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಪೀಠಿಕೆ ಬರೆಯಲು ಕೂತಾಗ ಪಡುವ ಸಂಕಟ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಆದರೆ ಎಷ್ಟು ಪದ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಆ ಪ್ಯಾರಾ ಪ್ರಬಂಧದಲ್ಲಿ ಯಾವ ಕೆಲಸ ಮಾಡುತ್ತಿದೆ?

ಇದಕ್ಕೆ ನಮ್ಮಲ್ಲೇ ಎರಡು ಉದಾಹರಣೆಗಳಿವೆ. ಒಂದು 2007ರದ್ದು. ಔಷಧಗಳ ಪೇಟೆಂಟನ್ನು ಹೊಸ ರಾಸಾಯನಿಕಗಳಿಗೆ ಮಾತ್ರ ಸೀಮಿತಗೊಳಿಸಿದರೆ ಅದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಲು ಕೇಂದ್ರ ಸರ್ಕಾರ ಆರ್.ಎ. ಮಶೇಲ್ಕರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತ್ತು. ಅದರ ವರದಿಯ ನಿರ್ಣಾಯಕ ಸಾಲುಗಳು ಕಾನೂನು ವಿದ್ವಾಂಸ ಶಮ್ನಾದ್ ಬಶೀರ್ ಅವರ ಪ್ರಬಂಧದಲ್ಲಿದ್ದಂತೆಯೇ ಇದ್ದವು, ಹೆಸರಿಲ್ಲದೆ. ಬಶೀರ್ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿದವರು. ಅವರ ಆ ಅಧ್ಯಯನಕ್ಕೆ ಔಷಧ ಕಂಪನಿಗಳ ಒಕ್ಕೂಟವೊಂದರ ಹಣದ ನೆರವಿತ್ತು. ಮೂಲವನ್ನು ಹೆಸರಿಸಿದ್ದರೆ ಓದುಗರಿಗೆ ಆ ಸಂಗತಿಯೂ ಕಾಣುತ್ತಿತ್ತು, ವಾದವನ್ನು ಅವರು ಅದಕ್ಕೆ ತಕ್ಕ ಹಾಗೆ ತೂಗುತ್ತಿದ್ದರು. ಹೆಸರು ಬಿದ್ದುಹೋದದ್ದರಿಂದ ಅದು ಸಮಿತಿಯ ಸ್ವತಂತ್ರ ತೀರ್ಮಾನದಂತೆ ನಿಂತಿತು. ಆ ವರ್ಷದ ಫೆಬ್ರವರಿಯಲ್ಲೇ ವರದಿಯನ್ನು ವಾಪಸ್ ಪಡೆದರು, ಪರಿಷ್ಕರಿಸಿದ ವರದಿ 2009ರಲ್ಲಿ ಬಂತು.

ಇನ್ನೊಂದು 2010ರದ್ದು, ಬದನೆಕಾಯಿಗೆ ಸಂಬಂಧಿಸಿದ್ದು. ಬಿಟಿ ಬದನೆಗೆ ಆ ವರ್ಷದ ಫೆಬ್ರವರಿಯಲ್ಲಿ ತಡೆ ಹಾಕಿದ ಪರಿಸರ ಸಚಿವ ಜೈರಾಂ ರಮೇಶ್ ದೇಶದ ವಿಜ್ಞಾನ ಅಕಾಡೆಮಿಗಳ ಅಭಿಪ್ರಾಯ ಕೇಳಿದ್ದರು. ಆರು ಅಕಾಡೆಮಿಗಳು ಸೇರಿ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟವು, ಅವುಗಳಲ್ಲಿ ಒಂದು ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಅಕಾಡೆಮಿ. ವರದಿಯ ಕೆಲವು ಪ್ಯಾರಾಗಳು ಸರ್ಕಾರದ್ದೇ ಒಂದು ಸುದ್ದಿಪತ್ರಿಕೆಯಲ್ಲಿ ಬಂದ ಲೇಖನದಿಂದ ಎತ್ತಿದವು ಎಂದು ಬೇಗನೆ ಬಯಲಾಯಿತು. ಆ ಲೇಖನದ ಲೇಖಕರು ಬಿಟಿ ಬದನೆಯ ಸಂಶೋಧನೆಯಲ್ಲಿ ಸ್ವತಃ ತೊಡಗಿದ್ದ ವಿಜ್ಞಾನಿ. ವರದಿಯನ್ನು ಹಿಂದಕ್ಕೆ ತೆಗೆದುಕೊಂಡು ಡಿಸೆಂಬರಿನಲ್ಲಿ ಪರಿಷ್ಕೃತ ರೂಪ ಹೊರತರಬೇಕಾಯಿತು.

ಗ್ರ್ಯಾಫೀನ್ ಪ್ರಬಂಧವನ್ನು ಈ ಎರಡರ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಪ್ರಬಂಧದ ಭಾರ ಹೊತ್ತದ್ದು ಪ್ರಯೋಗಾಲಯದಲ್ಲಿ ಅಳೆದ ವಿದ್ಯುತ್ತು. ಪೀಠಿಕೆಯ ಸಾಲುಗಳನ್ನು ತೆಗೆದು ಬೇರೆ ಬರೆದರೂ ಅಳತೆ ಹಾಗೇ ಉಳಿಯುತ್ತದೆ. ವರದಿಗಳಲ್ಲಿ ಅಳತೆಯೇ ಇಲ್ಲ, ಮಾತೇ ಸರಕು. ಮಾತು ಬೇರೆಯವರದು ಎಂದಾದ ಮೇಲೆ ಆ ಭಾಗದಲ್ಲಿ ಲೇಖಕರದು ಎಂದು ಉಳಿಯುವುದೇನು? ಹಾಗಾಗಿ ಒಂದು ಕಡೆ ತಿದ್ದುಪಡಿ ಸಾಕಾಯಿತು, ಇನ್ನೊಂದು ಕಡೆ ಇಡೀ ಬರಹ ವಾಪಸ್ ಹೋಯಿತು. ಎರಡೂ ತೀರ್ಮಾನ ಸರಿಯಾದವೇ ಎಂದು ನನ್ನ ಅಭಿಪ್ರಾಯ. ಸಾಹಿತ್ಯ, ಇತಿಹಾಸ, ಕಾನೂನಿನ ಪ್ರಬಂಧಗಳು ಈ ವರದಿಗಳ ಸಾಲಿಗೆ ಸೇರುತ್ತವೆ, ಅಲ್ಲಿ ಒಂದು ಪ್ಯಾರಾ ಕೂಡ ಚಿಕ್ಕದಲ್ಲ.

ವಿಜ್ಞಾನದ ಪೇಪರಿನಲ್ಲೂ ಪೀಠಿಕೆಯ ಪ್ಯಾರಾ ಯಾವಾಗಲೂ ನಿರುಪದ್ರವಿ ಅಲ್ಲ. ಒಂದು ಕಲ್ಪಿತ ಪ್ರಸಂಗ ತೆಗೆದುಕೊಂಡು ಪೂರ್ತಿ ನಡೆಸಿ ನೋಡೋಣ. ಗಿರಿನಗರದ ಹತ್ತಿರದ ಕಾಲೇಜೊಂದರ ಗೈಡ್, ಅವರ ವಿದ್ಯಾರ್ಥಿನಿ, ಪ್ರಯೋಗಾಲಯದ ಸಹೋದ್ಯೋಗಿ ಮೂವರೂ ಸೇರಿ ಹೊಸಕೆರೆಹಳ್ಳಿ ಕೆರೆಯ ಹೂಳಿನಲ್ಲಿರುವ ಸೀಸದ ಬಗ್ಗೆ ಪೇಪರ್ ಪ್ರಕಟಿಸಿದ್ದಾರೆ ಎಂದಿಟ್ಟುಕೊಳ್ಳಿ. ಎರಡು ವರ್ಷದ ಮೇಲೆ ವಿದ್ಯಾರ್ಥಿನಿ ಮಹಾಪ್ರಬಂಧ ಬರೆಯುತ್ತಾ ಹಳೆಯ ಟಿಪ್ಪಣಿಗಳ ಫೈಲ್ ತೆರೆಯುತ್ತಾಳೆ. ಕೆರೆಯ ತಳದಲ್ಲಿ ಆಕ್ಸಿಜನ್ ಕಡಿಮೆಯಾದಾಗ ಕಬ್ಬಿಣ, ಮ್ಯಾಂಗನೀಸ್‌ಗಳ ಆಕ್ಸೈಡ್ ಕರಗುತ್ತದೆ, ಅದಕ್ಕೆ ಅಂಟಿದ್ದ ಸೀಸದಂಥ ಲೋಹಗಳು ನೀರಿಗೆ ಬಿಡುಗಡೆಯಾಗುತ್ತವೆ ಎಂದು ವಿವರಿಸುವ 140 ಪದಗಳ ಪ್ಯಾರಾ ಅಲ್ಲಿದೆ. ಅದು ಬೇರೊಂದು ದೇಶದವರ ಪೇಪರಿನಿಂದ ಇಳಿಸಿಕೊಂಡದ್ದು. ಪ್ರಕಟವಾದ ತಮ್ಮ ಪೇಪರಿನ ಪೀಠಿಕೆಯಲ್ಲೂ ಅದೇ ಪ್ಯಾರಾ ಇದೆ.

ಹೇಗೆ ಬಂತು? ಇಂಥದ್ದು ನಡೆಯುವ ದಾರಿ ಬಹುಮಟ್ಟಿಗೆ ಒಂದೇ. ಓದುವಾಗ ಇಷ್ಟವಾದ ಪ್ಯಾರಾವನ್ನು ಹಾಗೇ ಇಳಿಸಿಕೊಂಡು, ಆಮೇಲೆ ನನ್ನ ಮಾತಿನಲ್ಲಿ ಬರೆಯುತ್ತೇನೆ ಎಂದು ಬಿಟ್ಟಿರುತ್ತಾರೆ. ಟಿಪ್ಪಣಿ ಮತ್ತು ಕರಡು ಒಂದೇ ಫೈಲಿನಲ್ಲಿ ಇರುತ್ತವೆ. ಲೇಟೆಕ್‌ನಲ್ಲಿ ಬರೆಯುವವರು ಮೂಲವನ್ನು ಹೀಗೆ ಗುರುತು ಹಾಕಿಕೊಳ್ಳುತ್ತಾರೆ:

```
% source: lake sediment paper, p. 4 -- rewrite!
Under low oxygen conditions, ...
```

`%` ಇಂದ ಶುರುವಾದ ಸಾಲು ಅಚ್ಚಿನಲ್ಲಿ ಕಾಣುವುದಿಲ್ಲ. ಕೆಳಗಿನ ಪ್ಯಾರಾ ಕಾಣುತ್ತದೆ. ಗೈಡ್ ಓದುವುದು ಪಿಡಿಎಫ್ ಅನ್ನು, ಆದ್ದರಿಂದ ಎಚ್ಚರಿಕೆಯ ಸಾಲು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾದರೆ ಕಳಿಸುವ ಮುಂಚೆ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ ಏಕೆ ಹಿಡಿಯಲಿಲ್ಲ? ಹಿಡಿದಿರಬಹುದು, ಯಾರೋ ಮುಚ್ಚಿರಬಹುದು. ಇಂಥ ತಂತ್ರಾಂಶಗಳಲ್ಲಿ ಚಿಕ್ಕ ಹೋಲಿಕೆಗಳನ್ನು ಲೆಕ್ಕದಿಂದ ಬಿಡುವ ಆಯ್ಕೆ ಇರುತ್ತದೆ. ಒಂದೇ ಮೂಲದಿಂದ ಬಂದದ್ದು ಶೇ 3ಕ್ಕಿಂತ ಕಡಿಮೆಯಿದ್ದರೆ ತೋರಿಸಬೇಡ ಎಂದು ಹೊಂದಿಸಿದ್ದರೆ ನಮ್ಮ ಶೇ 2.5ರ ಪ್ಯಾರಾ ವರದಿಯಿಂದಲೇ ಮಾಯ. ಮೊದಲ ಪುಟದಲ್ಲಿ ಬರುವ ಒಟ್ಟು ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಪೇಪರಿನಲ್ಲಿ ಶೇ 15 ತೋರಿಸಿ, ಅದೆಲ್ಲ ಉಪಕರಣದ ಹೆಸರು, ವಿಧಾನದ ಸಿದ್ಧವಾಕ್ಯಗಳಾಗಿದ್ದು ಯಾವ ತಪ್ಪೂ ಇಲ್ಲದಿರಬಹುದು. ಆದ್ದರಿಂದ ನೋಡಬೇಕಾದದ್ದು ಒಂದೇ ಬಣ್ಣದಲ್ಲಿ ಒತ್ತಾಗಿ ಗುರುತು ಬಿದ್ದ ಜಾಗವನ್ನು, ಒಟ್ಟು ಸಂಖ್ಯೆಯನ್ನಲ್ಲ.

ತಂತ್ರಾಂಶವಿಲ್ಲದೆಯೂ ಹಿಡಿಯಬಹುದಾದ ಗುರುತುಗಳಿವೆ. ಉಳಿದ ಪೇಪರಿನಲ್ಲಿ ಬ್ರಿಟಿಷ್ ಕಾಗುಣಿತ, ಇಲ್ಲಿ ಮಾತ್ರ ಅಮೆರಿಕದ್ದು. ಉಳಿದ ಕಡೆ ತಡವರಿಸುವ ವಾಕ್ಯ, ಇಲ್ಲಿ ಇದ್ದಕ್ಕಿದ್ದಂತೆ ನುರಿತ ಕೈ. ಎಲ್ಲಕ್ಕಿಂತ ಗಟ್ಟಿಯಾದ ಗುರುತು ಉಲ್ಲೇಖಗಳದ್ದು. ಮೂಲ ಪ್ಯಾರಾದಲ್ಲಿ ಮೂರು ಹಳೆಯ ಪೇಪರುಗಳ ಉಲ್ಲೇಖವಿದ್ದರೆ, ನಕಲಿನಲ್ಲೂ ಅವೇ ಮೂರು ಅದೇ ಕ್ರಮದಲ್ಲಿ ಬಂದಿರುತ್ತವೆ. ಒಂದರ ಇಸವಿ ಮೂಲದಲ್ಲಿ ತಪ್ಪಿದ್ದರೆ ಇಲ್ಲಿಯೂ ತಪ್ಪಿರುತ್ತದೆ. ಆಗ ಇನ್ನೊಂದು ಸಂಗತಿಯೂ ಹೊರಗೆ ಬರುತ್ತದೆ: ಆ ಮೂರು ಪೇಪರುಗಳನ್ನು ಇವರು ಓದಿಯೇ ಇಲ್ಲ. ತಿದ್ದುಪಡಿ ಬರೆಯುವಾಗ ಬಹಳ ಮಂದಿ ಮರೆಯುವುದು ಇದನ್ನೇ. ವಾಕ್ಯವನ್ನು ಮರಳಿಸಿ, ಎರವಲು ತಂದ ಉಲ್ಲೇಖಗಳನ್ನು ತಮ್ಮ ಬಳಿಯೇ ಉಳಿಸಿಕೊಳ್ಳುತ್ತಾರೆ. ಒಂದೋ ಅವನ್ನು ತರಿಸಿ ಓದಬೇಕು, ಇಲ್ಲವೇ ತೆಗೆಯಬೇಕು.

ನಮ್ಮ ಕಲ್ಪಿತ ಪ್ರಸಂಗಕ್ಕೆ ವಾಪಸ್ ಬರೋಣ. ವಿದ್ಯಾರ್ಥಿನಿ ಗೈಡ್‌ಗೆ ಹೇಳುತ್ತಾಳೆ. ಗೈಡ್ ಮೊದಲು ಮಾಡಬೇಕಾದದ್ದು ಯಾವ ಫೈಲನ್ನೂ ಬದಲಿಸದೆ ಹಳೆಯ ಕರಡುಗಳನ್ನೆಲ್ಲ ಇದ್ದ ಹಾಗೆ ಒಂದು ಕಡೆ ಇಡುವುದು. ನಾಳೆ ಸಂಪಾದಕರು ಕೇಳಿದರೆ ಪ್ಯಾರಾ ಯಾವ ಕರಡಿನಲ್ಲಿ ಸೇರಿತು ಎಂದು ತೋರಿಸಲು ಅವೇ ಆಧಾರ. ಆಮೇಲೆ ಎರಡೂ ಪ್ಯಾರಾಗಳನ್ನು ಪಕ್ಕಪಕ್ಕದಲ್ಲಿಟ್ಟು ಪದಪದ ಹೋಲಿಸುವುದು: 140ರಲ್ಲಿ 118 ಪದ ಅದೇ, ಉಳಿದವು ಸಮಾನಾರ್ಥಕ. ಪದ ಅಲ್ಲಲ್ಲಿ ಬದಲಾಗಿದೆ ಎಂಬುದು ಸಮಾಧಾನದ ವಿಷಯವಲ್ಲ, ಅದು ಯಾರೋ ಗೊತ್ತಿದ್ದೇ ಕೈಯಾಡಿಸಿದ್ದಾರೆ ಎಂಬ ಅನುಮಾನಕ್ಕೆ ಎಡೆ ಕೊಡುತ್ತದೆ, ಅದನ್ನೂ ವಿಚಾರಿಸಬೇಕು. ಮೂಲ ಎಂದುಕೊಂಡ ಪೇಪರಿನ ಪ್ಯಾರಾ ಅವರದ್ದೇನಾ, ಅವರೂ ಪಠ್ಯಪುಸ್ತಕದಿಂದ ತಂದದ್ದಾ ಎಂದೂ ನೋಡಬೇಕು, ಇಲ್ಲದಿದ್ದರೆ ತಿದ್ದುಪಡಿಯೇ ತಪ್ಪು ಹೆಸರಿಗೆ ಹೋಗುತ್ತದೆ. ಕೊನೆಗೆ ಉಳಿದ ಪೇಪರನ್ನೂ, ಅದೇ ಟಿಪ್ಪಣಿಗಳಿಂದ ಹುಟ್ಟಿದ ಬೇರೆ ಬರಹಗಳನ್ನೂ ಜಾಲಾಡಬೇಕು. ಒಂದು ತಿದ್ದುಪಡಿ ಹೊರಬಂದ ಮೇಲೆ ಜನ ಹಳೆಯದನ್ನೆಲ್ಲ ಹುಡುಕುತ್ತಾರೆ. ಎರಡನೆಯದು ಅವರ ಕೈಗೆ ಮೊದಲು ಸಿಕ್ಕರೆ ಮೊದಲ ತಿದ್ದುಪಡಿಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಈ ಜಾಲಾಟದಲ್ಲಿ ಕಷ್ಟದ ಸಂಗತಿಯೊಂದು ಎದುರಾಗಬಹುದು. ಪೀಠಿಕೆಯ ಆ ಪ್ಯಾರಾದ ವಿಚಾರ ಪೇಪರಿನ ಚರ್ಚೆಯ ಭಾಗದಲ್ಲಿ ಮತ್ತೆ ಬಂದಿದೆ. ಬೇಸಿಗೆಯಲ್ಲಿ ಕೆರೆಯ ನೀರಿನಲ್ಲಿ ಸೀಸ ಏರಿದ್ದನ್ನು ಲೇಖಕರು ತಳದ ಆಕ್ಸಿಜನ್ ಇಳಿದದ್ದರಿಂದ ವಿವರಿಸಿ, ಇದು ನಮ್ಮ ವಿವರಣೆ ಎಂಬ ಧಾಟಿಯಲ್ಲಿ ಬರೆದಿದ್ದಾರೆ. ಚರ್ಚೆಯ ವಾಕ್ಯಗಳು ಸ್ವಂತದ್ದು, ತಂತ್ರಾಂಶಕ್ಕೆ ಅಲ್ಲಿ ಏನೂ ಕಾಣದು. ಆದರೆ ವಿವರಣೆ ಎರವಲು. ಪೀಠಿಕೆಯಲ್ಲಿ ಎತ್ತಿಕೊಂಡದ್ದು ಬರೀ ವಾಕ್ಯವಾಗಿತ್ತು, ಇಲ್ಲಿ ವಿಚಾರವನ್ನೇ ಎತ್ತಿಕೊಂಡಂತಾಯಿತು. ಈ ಪ್ರಸಂಗದಲ್ಲಿ ಕೆರೆಯಿಂದ ತಂದ ಮಾದರಿ, ಸೀಸದ ಅಳತೆ ಇವರದ್ದೇ ಆದ್ದರಿಂದ ತಿದ್ದುಪಡಿಯಿಂದ ಸರಿಹೋಗುತ್ತದೆ, ಆದರೆ ತಿದ್ದುಪಡಿ ಎರಡೂ ಜಾಗಗಳನ್ನು ಹೇಳಬೇಕು. ಆ ವಿವರಣೆಯೇ ಪೇಪರಿನ ಹೊಸತನ ಎಂದು ಸಾರಾಂಶದಲ್ಲಿ ಹೇಳಿಕೊಂಡಿದ್ದರೆ, ಹಿಂಪಡೆಯುವ ಮಾತನ್ನು ಲೇಖಕರೇ ಎತ್ತುವುದು ಸರಿ.

ಈಗ ಪ್ರಕಟಣೆ. ಕನ್ನಡದಲ್ಲಿ ಬರೆದರೆ ಅದು ಹೀಗಿರಬಹುದು: ‘ನಮ್ಮ ಪೇಪರಿನ ಪೀಠಿಕೆಯ ಮೂರನೆಯ ಪ್ಯಾರಾ, ಆಕ್ಸಿಜನ್ ಕಡಿಮೆಯಾದಾಗ ಎಂದು ಶುರುವಾಗುವುದು, ಇಂಥವರು ಇಂಥ ವರ್ಷ ಪ್ರಕಟಿಸಿದ ಪೇಪರಿನ ನಾಲ್ಕನೆಯ ಪುಟದಿಂದ ಬಹುಪಾಲು ಪದಶಃ ತೆಗೆದುಕೊಂಡದ್ದು. ನಾವು ಮೂಲವನ್ನು ಹೆಸರಿಸಿರಲಿಲ್ಲ. ಓದುವಾಗ ಮಾಡಿಕೊಂಡ ಟಿಪ್ಪಣಿ ಕರಡಿನೊಳಗೆ ಸೇರಿ, ಮೂವರೂ ಗಮನಿಸದೆ ಉಳಿಯಿತು. ಮಹಾಪ್ರಬಂಧ ಸಿದ್ಧಪಡಿಸುವಾಗ ನಮಗೇ ಇದು ತಿಳಿಯಿತು. ಆ ಪ್ಯಾರಾವನ್ನು ಉದ್ಧರಣ ಚಿಹ್ನೆಯೊಳಗೆ ಮೂಲದ ಹೆಸರಿನೊಂದಿಗೆ ಓದಬೇಕು. ಚರ್ಚೆಯ ಎರಡನೆಯ ಪ್ಯಾರಾದಲ್ಲಿ ಸೀಸದ ಏರಿಕೆಗೆ ಕೊಟ್ಟ ವಿವರಣೆಯೂ ಅವರದ್ದೇ, ಅಲ್ಲಿಯೂ ಅವರ ಹೆಸರು ಸೇರಬೇಕು. ಪೀಠಿಕೆಯ ಪ್ಯಾರಾದಲ್ಲಿದ್ದ ಮೂರು ಉಲ್ಲೇಖಗಳಲ್ಲಿ ಒಂದನ್ನು ನಾವು ಓದಿಲ್ಲದ ಕಾರಣ ತೆಗೆದಿದ್ದೇವೆ. ಮಾದರಿ ಸಂಗ್ರಹ, ಅಳತೆ, ಕೋಷ್ಟಕಗಳಿಗೆ ಇದರಿಂದ ಬದಲಾವಣೆ ಇಲ್ಲ. ಮೂಲ ಲೇಖಕರಿಗೂ ಓದುಗರಿಗೂ ಕ್ಷಮೆ ಕೋರುತ್ತೇವೆ.’

ಇದನ್ನು 2011ರ ಬೆಂಗಳೂರಿನ ಪ್ರಕಟಣೆಯ ಜೊತೆ ಹೋಲಿಸಿದರೆ ಅದರ ಬಲವೂ ಕೊರತೆಯೂ ಕಾಣುತ್ತವೆ. ಆ ಪ್ರಕಟಣೆ ಮೂಲ ಪ್ರಬಂಧವನ್ನು ಲೇಖಕರ ಹೆಸರು, ಸಂಪುಟ, ಪುಟ ಸಮೇತ ಕೊಟ್ಟಿತು. ಪಠ್ಯ ಮರುಕಳಿಸಿದೆ ಎಂದು ಒಪ್ಪಿಕೊಂಡಿತು. ಹಿರಿಯರಿಬ್ಬರೂ ತಮ್ಮ ಹೆಸರಿನಲ್ಲೇ ಕ್ಷಮೆ ಕೇಳಿದರು. ಈ ಮೂರೂ ಚಿಕ್ಕ ಸಂಗತಿಗಳಲ್ಲ, ಇಷ್ಟನ್ನೂ ಹೇಳದೆ ‘ಒಂದು ಉಲ್ಲೇಖ ಬಿಟ್ಟುಹೋಗಿದೆ’ ಎಂದಷ್ಟೇ ಹೇಳಿ ಮುಗಿಸುವ ತಿದ್ದುಪಡಿಗಳು ಬೇಕಾದಷ್ಟಿವೆ. ಆದರೆ ಯಾವ ಸಾಲುಗಳು, ಎಷ್ಟು, ಹೇಗೆ ಸೇರಿದವು ಎಂದು ಅದು ಹೇಳಲಿಲ್ಲ. ಕಣ್ತಪ್ಪು ಎಂಬಲ್ಲಿಗೆ ನಿಲ್ಲಿಸಿತು. ಪ್ರಕಟಣೆ ಬಿಟ್ಟ ಜಾಗವನ್ನು ಆಮೇಲೆ ಪತ್ರಿಕಾ ಹೇಳಿಕೆಗಳು ತುಂಬಿದವು. ಎಷ್ಟು ವಾಕ್ಯ, ಬರೆದದ್ದು ಯಾರು, ಇದು ಕೃತಿಚೌರ್ಯವೋ ಅಲ್ಲವೋ ಎಂಬುದೆಲ್ಲ ಜರ್ನಲ್‌ನ ಪುಟದಲ್ಲಿ ತಣ್ಣಗೆ ನಿರ್ಧಾರವಾಗಬೇಕಿತ್ತು, ಅದು ದಿನಪತ್ರಿಕೆಗಳಲ್ಲಿ ಬಿಸಿಯಾಗಿ ನಡೆಯಿತು. ಹಾನಿಯಾದದ್ದು ಹೆಚ್ಚಾಗಿ ವಿದ್ಯಾರ್ಥಿಗೆ.

ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ತಿದ್ದುಪಡಿಯಲ್ಲಾಗಲಿ ಹೊರಗಿನ ಮಾತಿನಲ್ಲಾಗಲಿ ‘ಇದು ವಿದ್ಯಾರ್ಥಿ ಬರೆದದ್ದು’ ಎಂಬ ವಾಕ್ಯಕ್ಕೆ ಜಾಗವಿರಬಾರದು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2013ರಲ್ಲಿ ಲೇಖಕತ್ವದ ಷರತ್ತುಗಳಿಗೆ ನಾಲ್ಕನೆಯದೊಂದನ್ನು ಸೇರಿಸಿತು: ಇಡೀ ಕೃತಿಯ ಪ್ರಾಮಾಣಿಕತೆಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಉತ್ತರ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಪ್ರತಿ ಲೇಖಕನೂ ಒಪ್ಪಬೇಕು. ಪೇಪರಿಗೆ ಒಳ್ಳೆಯ ಹೆಸರು ಬಂದಾಗ ಅದರಲ್ಲಿ ಪೂರ್ತಿ ಪಾಲು, ತಪ್ಪು ಬಂದಾಗ ಪೀಠಿಕೆ ಬೇರೆಯವರದು ಎಂದರೆ ಆಗದು. ಸಾವಿರಕ್ಕೂ ಹೆಚ್ಚು ಪ್ರಬಂಧಗಳಲ್ಲಿ ಹೆಸರಿರುವ ಹಿರಿಯರಿಗೆ ಪ್ರತಿ ಸಾಲನ್ನೂ ಮೂಲದೊಂದಿಗೆ ತಾಳೆ ನೋಡುವುದು ಸಾಧ್ಯವಿಲ್ಲ ಎನ್ನಬಹುದು. ನಿಜ. ಆದರೆ ಇದು ಹೆಸರು ಹಾಕುವ ಪದ್ಧತಿಯ ಬಗ್ಗೆ ಯೋಚಿಸಬೇಕಾದ ಮಾತು, ವಿದ್ಯಾರ್ಥಿಯನ್ನು ಮುಂದೆ ತಳ್ಳಲು ಕಾರಣವಲ್ಲ. ಪಿಎಚ್.ಡಿ. ಮುಗಿಯದ ಹುಡುಗನಿಗೆ ಗೈಡ್ ಸಹಿಯೇ ಜೀವನ. ತಪ್ಪು ತಾನೇ ಕಂಡುಹಿಡಿದು ಹೇಳಿದರೆ ತನ್ನ ತಲೆಗೇ ಬರುತ್ತದೆ ಎಂದು ಗೊತ್ತಾದರೆ, ಮುಂದಿನ ಸಲ ಹಳೆಯ ಟಿಪ್ಪಣಿಯ ಫೈಲ್ ತೆರೆದವನು ಅದನ್ನು ಸುಮ್ಮನೆ ಅಳಿಸಿಬಿಡುತ್ತಾನೆ.

ಪ್ರಕಟಣೆ ಬರೆದು ಕಳಿಸಿದ ಮೇಲೂ ಕೆಲಸ ಬಾಕಿ ಇರುತ್ತದೆ. ಮೂಲ ಲೇಖಕರಿಗೆ ಜರ್ನಲ್ ಮೂಲಕವಲ್ಲದೆ ನೇರವಾಗಿಯೂ ಪತ್ರ ಹೋಗಬೇಕು, ಸುದ್ದಿ ಬೇರೆಯವರಿಂದ ತಿಳಿಯುವ ಮುಂಚೆ. ತಿದ್ದುಪಡಿ ಹಳೆಯ ಪೇಪರಿಗೆ ಜೋಡಣೆಯಾಗಿ, ತನ್ನದೇ ಗುರುತು ಸಂಖ್ಯೆಯೊಂದಿಗೆ, ದಿನಾಂಕದೊಂದಿಗೆ ಬರಬೇಕು. ಒಳ್ಳೆಯ ಜರ್ನಲ್‌ಗಳು ಹಾಗೇ ಮಾಡುತ್ತವೆ. ಹಣ ಪಡೆದು ಪ್ರಕಟಿಸುವ ಕೆಲವು ಜರ್ನಲ್‌ಗಳು ಇಂಥ ಪತ್ರಕ್ಕೆ ಉತ್ತರವನ್ನೇ ಕೊಡುವುದಿಲ್ಲ, ಇನ್ನು ಕೆಲವು ಹಳೆಯ ಪಿಡಿಎಫ್ ತೆಗೆದು ತಿದ್ದಿದ್ದನ್ನು ಸದ್ದಿಲ್ಲದೆ ಅಲ್ಲೇ ಇಟ್ಟುಬಿಡುತ್ತವೆ. ಲೇಖಕರಿಗೆ ಇದು ಸುಲಭದ ಪರಿಹಾರ ಎನ್ನಿಸಬಹುದು, ಒಪ್ಪಬಾರದು. ಮೊದಲ ರೂಪವನ್ನು ಇಳಿಸಿಕೊಂಡವರ ಬಳಿ ಅದು ಇದ್ದೇ ಇರುತ್ತದೆ. ಆಗ ಎರಡು ಬೇರೆಬೇರೆ ಪಠ್ಯಗಳು, ನಡುವೆ ಏನಾಯಿತು ಎಂಬ ವಿವರಣೆ ಇಲ್ಲ. ಅಂಥ ಸಂದರ್ಭದಲ್ಲಿ ಲೇಖಕರು ತಮ್ಮ ಕಾಲೇಜಿಗೆ ಲಿಖಿತವಾಗಿ ತಿಳಿಸಿ, ಸಂಸ್ಥೆಯ ಭಂಡಾರದಲ್ಲಿರುವ ಪ್ರತಿಗೆ ತಿದ್ದುಪಡಿಯ ಪುಟವನ್ನು ತಾವೇ ಸೇರಿಸಬಹುದು.

ನಮ್ಮಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ಮಹಾಪ್ರಬಂಧ. ಪೇಪರಿನ ಪೀಠಿಕೆಯೇ ಮಹಾಪ್ರಬಂಧದ ಮೊದಲ ಅಧ್ಯಾಯಕ್ಕೆ ಹೋಗುವುದು ವಾಡಿಕೆ, ವಿಶ್ವವಿದ್ಯಾಲಯ ಅದನ್ನು ‘ಶೋಧಗಂಗಾ’ಕ್ಕೆ ಏರಿಸುತ್ತದೆ. ಜರ್ನಲ್‌ನ ತಿದ್ದುಪಡಿ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಕಲ್ಪಿತ ಪ್ರಸಂಗದ ವಿದ್ಯಾರ್ಥಿನಿಗೆ ಸಲ್ಲಿಸುವ ಮುಂಚೆ ತಿಳಿಯಿತು, ಆ ಅಧ್ಯಾಯವನ್ನು ಸರಿಪಡಿಸಿ ಕೊಡಬಹುದು. ಪದವಿ ಪಡೆದು ಹೊರಬಂದ ಮೇಲೆ ತಿಳಿದಿದ್ದರೆ ಅವಳು ಕುಲಸಚಿವರ ಕಚೇರಿಗೆ ಅರ್ಜಿ ಕೊಡಬೇಕಾಗುತ್ತದೆ, ಜೊತೆಗೆ ಜರ್ನಲ್‌ನ ತಿದ್ದುಪಡಿಯ ಪ್ರತಿ, ಮಹಾಪ್ರಬಂಧದ ಯಾವ ಪುಟದಲ್ಲಿ ಆ ಪ್ಯಾರಾ ಇದೆ ಎಂಬ ವಿವರ, ಸೇರಿಸಬೇಕಾದ ಉಲ್ಲೇಖ. ಅರ್ಜಿಯನ್ನು ಗೈಡ್ ಕೂಡ ಸಹಿ ಹಾಕಿ ಕಳಿಸಬೇಕು. ಕಚೇರಿಗಳಿಗೆ ಇಂಥ ಅರ್ಜಿ ಹೊಸದು, ಯಾವ ವಿಭಾಗಕ್ಕೆ ಕಳಿಸಬೇಕೆಂದು ತೋಚದೆ ಅದು ಮೇಜಿನಿಂದ ಮೇಜಿಗೆ ಅಲೆಯಬಹುದು. ಹಾಗಾಗಿ ಅರ್ಜಿಯಲ್ಲೇ ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳುವುದು ಒಳ್ಳೆಯದು: ಪದವಿಯ ಬಗ್ಗೆ ಅಲ್ಲ, ಅಪ್‌ಲೋಡ್ ಆದ ಪ್ರತಿಯ ಮೊದಲಿಗೆ ಒಂದು ತಿದ್ದುಪಡಿ ಪುಟ ಸೇರಿಸಿ ಮತ್ತೆ ಏರಿಸಲು ಗ್ರಂಥಾಲಯಕ್ಕೆ ಸೂಚನೆ ಕೊಡಿ ಎಂದು.